ಅಂಗಿಗೂ ಕಣ್ಣಿಗೂ ಒಂದೇ ಅಳತೆಯಲ್ಲ

(ಬೀದರಿನಲ್ಲಿ ಸ್ಟುಡಿಯೊ ನಡೆಸುವ ಗೆಳೆಯರ ಮುಂದೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲವಾದ್ದರಿಂದ ಆ ಜಾಗಗಳಲ್ಲಿ ಕೆಲವು ಮಾತು ಹೆಚ್ಚಿಗೆ ಸೇರಿಸಿದ್ದೇನೆ.)

ಒಬ್ಬ ಮಾಸ್ತರರಿಂದ ಶುರು ಮಾಡುತ್ತೇನೆ. ನಿವೃತ್ತಿಯ ಸನ್ಮಾನಕ್ಕೆ ಬ್ಯಾನರ್ ಮಾಡಿಸಬೇಕೆಂದು ನನ್ನ ಅಂಗಡಿಗೆ ಬಂದಿದ್ದರು. ಕೈಯಲ್ಲಿದ್ದುದು ಒಂದೇ ಒಂದು ಒಳ್ಳೆಯ ಫೋಟೊ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಬಂದಾಗ ಮಹಮೂದ್ ಗವಾನನ ಮದರಸಾದ ಮುಂದೆ ಯಾರೋ ಮೊಬೈಲಿನಲ್ಲಿ ತೆಗೆದದ್ದು. ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ದಪ್ಪ ಚೌಕಟ್ಟಿನ ಕನ್ನಡಕ. ಹಿಂದೆ 1472ರ ಆ ಕಟ್ಟಡದ ಉಳಿದಿರುವ ಮಿನಾರು, ಅದರ ಮೈಮೇಲಿನ ಬಣ್ಣದ ಬಿಲ್ಲೆಗಳು. ಮುಖ ತುಂಬಾ ಚೆನ್ನಾಗಿ ಬಂದಿತ್ತು. ಅವರಿಗೆ ಬೇಕಾಗಿದ್ದುದು ಇಷ್ಟೇ: ಅಂಗಿಯ ಜಾಗದಲ್ಲಿ ಕಪ್ಪು ಬಂದ್ ಗಲಾ ಕೋಟು. ಜೀವನದಲ್ಲಿ ಒಂದು ಕೋಟು ಹೊಲಿಸಿಕೊಂಡವರಲ್ಲ, ಈಗ ಹೊಲಿಸುವಷ್ಟು ದಿನವೂ ಉಳಿದಿರಲಿಲ್ಲ.

ನಾನು ಬಳಸುವುದು ಬರೆದುಕೊಟ್ಟ ವಿವರಣೆಯಿಂದ ಚಿತ್ರ ಕಟ್ಟುವ ಎಐ ಮಾದರಿ ಸ್ಟೇಬಲ್ ಡಿಫ್ಯೂಷನ್ 1.5, ಅಂಗಡಿಯ ಕಂಪ್ಯೂಟರಿನಲ್ಲೇ ನಡೆಯುವ ಆಟೋಮ್ಯಾಟಿಕ್1111 ವೆಬ್‌ಯುಐ ಮೂಲಕ. ಚಿತ್ರದಿಂದ ಚಿತ್ರ ಮಾಡುವ ಪುಟದಲ್ಲಿ `Denoising strength` ಎಂಬ ಜಾರುಪಟ್ಟಿ ಇದೆ. ಅದು ತಾನಾಗಿ 0.75ರಲ್ಲಿ ನಿಂತಿರುತ್ತದೆ. ಅಲ್ಲೇ ಬಿಟ್ಟು ಗುಂಡಿ ಒತ್ತಿದೆ. ಕೋಟು ಬಂತು. ಮಾಸ್ತರರು ಪರದೆಯನ್ನು ನೋಡಿ, ‘ತಮ್ಮಾ, ಕೋಟು ಬಹಳ ಚೆನ್ನಾಗಿದೆ. ಇದನ್ನು ಹಾಕಿಕೊಂಡಿರುವವರು ಯಾರು?’ ಎಂದು ಕೇಳಿದರು.

ನಗುವ ಸರದಿ ಮುಗಿದ ಮೇಲೆ ಜಾರುಪಟ್ಟಿಯನ್ನು 0.4ಕ್ಕೆ ಇಳಿಸಿದೆ. ಈ ಸಲ ಅಂಗಿ ಬಿಳಿಯಾಗಿಯೇ ಉಳಿಯಿತು, ಎದೆಯ ಮೇಲೆ ಕೋಟಿನ ಗುಂಡಿಗಳ ಸಾಲೊಂದು ಮಸುಕಾಗಿ ಮೂಡಿತು. ಆದರೆ ಮುಖ ಆಗಲೇ ಹೋಗಿತ್ತು. ಮಾಸ್ತರರಲ್ಲ, ಮಾಸ್ತರರ ದೂರದ ದಾಯಾದಿ. 0.55ರಲ್ಲಿ ಅಂಗಿಯೂ ಅಲ್ಲದ ಕೋಟೂ ಅಲ್ಲದ ಬೂದು ಬಟ್ಟೆ, ಅದರ ಮೇಲೆ ಅಪರಿಚಿತನ ಮುಖ. ನಡುವೆ ಎಲ್ಲೋ ಒಂದು ಸರಿಯಾದ ಅಂಕಿ ಇರಲೇಬೇಕೆಂದು ಅರ್ಧ ದಿನ ಹುಡುಕಿದ್ದೇನೆ. ನೀವೂ ಹುಡುಕಿರುತ್ತೀರಿ. ಅಂಥ ಅಂಕಿ ಇಲ್ಲ. ಏಕಿಲ್ಲ ಎಂಬುದನ್ನು ತಿಳಿದುಕೊಂಡರೆ ಉಳಿದ ಕೆಲಸ ತಾನಾಗಿ ಸರಳವಾಗುತ್ತದೆ, ಆದ್ದರಿಂದ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಆ ಜಾರುಪಟ್ಟಿ ನಿಜವಾಗಿ ಮಾಡುವುದೇನು? ನಮ್ಮ ಫೋಟೊವನ್ನು ಮಾದರಿಯು ನೇರವಾಗಿ ಮುಟ್ಟುವುದಿಲ್ಲ. ಮೊದಲು ಅದನ್ನು ಕುಗ್ಗಿಸಿಕೊಳ್ಳುತ್ತದೆ. ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ತುಂಡೊಂದು ಒಂದು ಚೌಕವಾಗುತ್ತದೆ, ಆ ಚೌಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. ಹಾಗಾಗಿ 512×768ರ ಚಿತ್ರ ಒಳಗೆ 64×96 ಚೌಕಗಳ ಹಾಳೆ. ಈ ಹಾಳೆಯ ಮೇಲೆ ನಾಯ್ಸ್ ಎರಚಲಾಗುತ್ತದೆ, ಕಡಿಮೆ ಬೆಳಕಿನಲ್ಲಿ ಐಎಸ್ಒ ಏರಿಸಿದಾಗ ಬರುವ ಕಾಳುಕಾಳಿನಂಥದ್ದೇ. ಎಷ್ಟು ಎರಚಬೇಕು ಎಂಬುದನ್ನು ಸ್ಟ್ರೆಂತ್ ಹೇಳುತ್ತದೆ. ಆಮೇಲೆ ಮಾದರಿಯು ಆ ಕಾಳನ್ನು ಹಂತಹಂತವಾಗಿ ತೆಗೆಯುತ್ತಾ, ನಾವು ಬರೆದುಕೊಟ್ಟ ವಿವರಣೆಗೆ ಹೊಂದುವಂತೆ ಚಿತ್ರವನ್ನು ಮತ್ತೆ ಕಟ್ಟುತ್ತದೆ. ಎರಚಿದ ನಾಯ್ಸಿನಡಿ ಏನು ಕಾಣುತ್ತದೆಯೋ ಅದನ್ನು ಉಳಿಸಿಕೊಳ್ಳುತ್ತದೆ, ಕಾಣದ್ದನ್ನು ಊಹಿಸುತ್ತದೆ.

0.5 ಎಂದರೆ ಅರ್ಧ ಹಳೆಯದು, ಅರ್ಧ ಹೊಸದು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಅದು ಶೇಕಡಾವಾರು ಲೆಕ್ಕವಲ್ಲ. ಯಾವ ಹಂತದಲ್ಲಿ ಎಷ್ಟು ನಾಯ್ಸ್ ಎಂದು ಹೇಳುವ ಪಟ್ಟಿಗೆ ಶೆಡ್ಯೂಲ್ ಎನ್ನುತ್ತಾರೆ. 1.5 ಮಾದರಿಯ ಸಾಮಾನ್ಯ ಶೆಡ್ಯೂಲಿನಲ್ಲಿ 0.3 ಎಂದರೆ ಚಿತ್ರಕ್ಕೆ ಸುಮಾರು 0.77ರಷ್ಟು ಬಲ, ನಾಯ್ಸಿಗೆ 0.64. 0.5ಕ್ಕೆ ಹೋದರೆ ಚಿತ್ರ 0.53, ನಾಯ್ಸ್ 0.85; ಅಂದರೆ ಆಗಲೇ ನಾಯ್ಸ್ ಮೇಲುಗೈ ಸಾಧಿಸಿದೆ. 0.75ರಲ್ಲಿ ಚಿತ್ರ 0.24, ನಾಯ್ಸ್ 0.97. ಈ ಮೂರು ಜೋಡಿ ನೆನಪಿಟ್ಟುಕೊಂಡರೆ ಸಾಕು, ಇಂದಿನ ಮಾತಿಗೆ ಬೇರೆ ಲೆಕ್ಕ ಹೆಚ್ಚು ಬೇಕಾಗಿಲ್ಲ.

ಈಗ ಮಾಸ್ತರರ ಫೋಟೊಗೆ ಬನ್ನಿ. ಅವರ ಕಣ್ಣು ಚಿತ್ರದಲ್ಲಿ ಹದಿನಾಲ್ಕು ಪಿಕ್ಸೆಲ್ ಅಗಲವಿದೆ. ಒಳಗಿನ ಹಾಳೆಯಲ್ಲಿ ಅದು ಎರಡು ಚೌಕವೂ ಅಲ್ಲ. ಇಡೀ ಮುಖ ಸುಮಾರು ಹತ್ತು ಚೌಕ ಎತ್ತರ. ಆ ಎರಡು ಚೌಕದ ಮೇಲೆ 0.64 ಬಲದ ನಾಯ್ಸ್ ಬಿದ್ದರೆ, ರೆಪ್ಪೆ ಎಲ್ಲಿ ಬಾಗಿದೆ, ಕಣ್ಣಿನ ಮೂಲೆ ಎಲ್ಲಿ ಇಳಿದಿದೆ ಎಂಬುದನ್ನು ಹೇಳುವ ಸಣ್ಣ ವ್ಯತ್ಯಾಸ ಉಳಿಯುವುದಿಲ್ಲ. ಮಾದರಿಗೆ ‘ಇಲ್ಲಿ ಒಂದು ಕಣ್ಣಿದೆ’ ಎಂಬುದಷ್ಟೇ ಕಾಣುತ್ತದೆ, ‘ಇದು ಯಾರ ಕಣ್ಣು’ ಎಂಬುದು ಕಾಣುವುದಿಲ್ಲ. ಆದ್ದರಿಂದ ಯಾರದೋ ಒಂದು ಚಂದದ ಕಣ್ಣನ್ನು ತಂದಿಡುತ್ತದೆ.

ಅಂಗಿಯ ಕಥೆ ಇದರ ತದ್ವಿರುದ್ಧ. ಅದು 25×30, ಎಂದರೆ 750 ಚೌಕಗಳಷ್ಟು ಹರಡಿದೆ, ಎಲ್ಲವೂ ಹೆಚ್ಚೂಕಡಿಮೆ ಒಂದೇ ಬಿಳಿ. ನಾಯ್ಸ್ ಒಂದೊಂದು ಚೌಕಕ್ಕೆ ಒಂದೊಂದು ರೀತಿ ಬೀಳುತ್ತದೆ, ಒಂದು ಕಡೆ ಏರಿಸಿದರೆ ಪಕ್ಕದಲ್ಲಿ ಇಳಿಸುತ್ತದೆ. 750 ಚೌಕಗಳನ್ನು ಒಟ್ಟಿಗೆ ನೋಡಿದರೆ ಏರಿಳಿತಗಳು ಒಂದನ್ನೊಂದು ಹೊಡೆದುಹಾಕಿಕೊಳ್ಳುತ್ತವೆ. ಸರಾಸರಿಯಲ್ಲಿ ನಾಯ್ಸ್ 750ರ ವರ್ಗಮೂಲದಷ್ಟು, ಅಂದರೆ ಸುಮಾರು 27 ಪಟ್ಟು ಕುಗ್ಗುತ್ತದೆ. 0.75ರಲ್ಲಿ ಕೂಡ ಅದು 0.04ರ ಒಳಗೆ ಇಳಿಯುತ್ತದೆ. ಬಿಳಿಯ ಬಲವೋ 0.24ರಲ್ಲೇ ನಿಂತಿದೆ. ಅಷ್ಟೊಂದು ನಾಯ್ಸಿನ ಕೆಳಗೂ ಮಾದರಿಗೆ ‘ಇಲ್ಲಿ ಬಿಳಿಯ ದೊಡ್ಡ ಪಟ್ಟಿ ಇದೆ’ ಎಂಬುದು ನಿಚ್ಚಳವಾಗಿ ಕಾಣುತ್ತಿದೆ. ನಾವು ಕಪ್ಪು ಕೋಟು ಎಂದು ಬರೆದರೂ ಅದು ಬೂದು ಕೋಟು ಕೊಡುವುದು ಹಟದಿಂದಲ್ಲ, ನಾವೇ ಕೊಟ್ಟ ಬಿಳಿಯನ್ನು ಅದು ಗೌರವಿಸುತ್ತಿದೆ.

ನಮ್ಮೂರಿನ ಬಿದ್ರಿ ಕೆಲಸದ ಕೊನೆಯ ಹಂತವನ್ನು ನೀವು ನೋಡಿದ್ದೀರಿ. ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಇಡೀ ಹೂಜಿಗೆ ಬಳಿಯುತ್ತಾರೆ. ಮಣ್ಣು ಒಂದೇ, ಬಳಿಯುವ ಕೈಯೂ ಒಂದೇ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಸ್ಟ್ರೆಂತ್ ಕೂಡ ಇಡೀ ಚಿತ್ರಕ್ಕೆ ಸಮನಾಗಿ ಬಳಿಯುವ ಮಣ್ಣೇ, ಆದರೆ ಇಲ್ಲಿ ನಮ್ಮ ದುರದೃಷ್ಟಕ್ಕೆ ಉಳಿಯಬೇಕಾದ ಕಣ್ಣು ಅಳಿಯುತ್ತದೆ, ಅಳಿಯಬೇಕಾದ ಬಿಳಿ ಉಳಿಯುತ್ತದೆ. ಮಿನಾರಿನ ಬಿಲ್ಲೆಗಳೂ ಕಣ್ಣಿನ ಪಕ್ಷಕ್ಕೇ ಸೇರಿದವು. 0.4ರಲ್ಲಿ ಮಿನಾರು ನಿಂತಲ್ಲೇ ನಿಂತಿತ್ತು, ಆಕಾಶ ನೀಲಿಯಾಗಿಯೇ ಇತ್ತು, ಆದರೆ ಬಿಲ್ಲೆಗಳ ಮೇಲಿನ ಅರಬ್ಬೀ ಅಕ್ಷರಗಳು ಯಾವ ಭಾಷೆಗೂ ಸೇರದ ಗೀಚುಗಳಾಗಿದ್ದವು. ದೂರದಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಬೀದರಿನವರಿಗೆ ಗೊತ್ತಾಗುತ್ತದೆ.

ಹೀಗಾಗಿ ಮೊದಲ ತೀರ್ಮಾನ ಇಡೀ ಚಿತ್ರಕ್ಕೆ ಒಂದೇ ಸ್ಟ್ರೆಂತ್ ಹಾಕುವುದನ್ನು ಬಿಡುವುದು. ಇನ್‌ಪೇಂಟ್ ಪುಟಕ್ಕೆ ಹೋಗಿ ಬಟ್ಟೆಯ ಜಾಗಕ್ಕೆ ಮಾತ್ರ ಮಾಸ್ಕ್ ಎಳೆಯಬೇಕು. ಮಾಸ್ಕಿನ ಹೊರಗೆ ವೆಬ್‌ಯುಐ ಕೊನೆಯಲ್ಲಿ ಮೂಲ ಚಿತ್ರದ ಪಿಕ್ಸೆಲ್‌ಗಳನ್ನೇ ಮೇಲೆ ಅಂಟಿಸುತ್ತದೆ, ಆದ್ದರಿಂದ ಮುಖ ಇದ್ದ ಹಾಗೇ ಇರುತ್ತದೆ. ಇಲ್ಲಿಗೆ ಎಲ್ಲ ಮುಗಿಯಿತು, ಇನ್ನು ಸ್ಟ್ರೆಂತ್ ಎಷ್ಟಿದ್ದರೇನು, 1 ಇಟ್ಟುಬಿಡೋಣ ಎಂದು ಕೆಲವರು ಹೇಳುತ್ತಾರೆ. ನಾನೂ ಇಟ್ಟು ನೋಡಿದೆ. ಕೋಟು ಕಪ್ಪಾಗಿಯೇ ಬಂತು. ಆದರೆ ಮಾಸ್ತರರು ಸ್ವಲ್ಪ ಬಲಕ್ಕೆ ತಿರುಗಿ ನಿಂತಿದ್ದರು, ಕೋಟು ನೇರವಾಗಿ ನಿಂತಿತ್ತು. ಒಂದು ಭುಜ ಮೇಲೆ ಹೋಗಿತ್ತು, ತೋಳು ಅಂಗೈಗೆ ಸೇರಬೇಕಾದ ಜಾಗದಲ್ಲಿ ಸೇರಿರಲಿಲ್ಲ. ಗುರುತು ಎಂದರೆ ಮುಖ ಮಾತ್ರ ಎಂದು ನಾವು ತಿಳಿದಿರುತ್ತೇವೆ. ಸ್ವಲ್ಪ ಬಾಗಿದ ಭುಜ, ಹೊಟ್ಟೆಯ ಗಾತ್ರ, ನಿಲ್ಲುವ ರೀತಿ, ಇವೂ ಆ ಮನುಷ್ಯನೇ. ಮನೆಯವರು ಮೊದಲು ಗಮನಿಸುವುದೂ ಇದನ್ನೇ: ‘ಅಪ್ಪಾಜಿ ಹೀಗೆ ನಿಲ್ಲುವುದಿಲ್ಲ’ ಎನ್ನುತ್ತಾರೆ. ಅದಕ್ಕೇ ಮಾಸ್ಕಿನ ಒಳಗೂ ಹಳೆಯ ಚಿತ್ರದ ಸ್ವಲ್ಪ ಭಾಗ ಬೇಕು. (ಇನ್‌ಪೇಂಟಿಂಗ್‌ಗೆಂದೇ ತಯಾರಿಸಿದ ಮಾದರಿಗಳು ಸುತ್ತಲಿನ ಚಿತ್ರವನ್ನು ಪ್ರತ್ಯೇಕವಾಗಿ ನೋಡುವುದರಿಂದ 0.9ರಲ್ಲೂ ಅಂಚು ಹೊಂದಿಸುತ್ತವೆ, ಆದರೆ ಮಾಸ್ಕಿನ ಒಳಗಿನ ಭಂಗಿಯನ್ನು ಅವೂ ಊಹಿಸಿಯೇ ಬರೆಯಬೇಕು.)

ಈಗ ಮಾಸ್ಕಿನ ಒಳಗೆ ಎರಡು ಬೇಡಿಕೆಗಳು ಗುದ್ದಾಡುತ್ತಿವೆ. ಭುಜ, ಮಡಿಕೆ ಉಳಿಯಲು 0.5ರ ಆಸುಪಾಸು ಇರಬೇಕು. ಬಿಳಿ ಹೋಗಲು 0.85ರ ಮೇಲೆ ಹೋಗಬೇಕು. ಇದನ್ನು ಜಾರುಪಟ್ಟಿಯಿಂದ ಬಿಡಿಸಲಾಗುವುದಿಲ್ಲ. ಹಾಗಾದರೆ ಬಿಳಿಯನ್ನು ತೆಗೆಯುವ ಕೆಲಸವನ್ನು ಮಾದರಿಗೆ ಏಕೆ ಕೊಡಬೇಕು? ಅದು ನಾವು ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸವಲ್ಲವೇ? ಫೋಟೊಶಾಪಿನಲ್ಲೋ ಗಿಂಪಿನಲ್ಲೋ ಅಂಗಿಯನ್ನು ಆಯ್ದು ಕರ್ವ್ಸ್ ಎಳೆದು ಕಪ್ಪು ಮಾಡಿ, ಆಮೇಲೆ ಇಲ್ಲಿಗೆ ತನ್ನಿ.

ಇದರಲ್ಲಿ ನಾನು ಒಂದು ಸಲ ಎಡವಿದ್ದೇನೆ. ಮೊದಲು ಕುಂಚ ಹಿಡಿದು ಅಂಗಿಯ ಮೇಲೆ ಸಪಾಟು ಕಪ್ಪು ಬಳಿದೆ. 0.5ರಲ್ಲಿ ಬಂದದ್ದು ಡಾಂಬರಿನ ಹಲಗೆ. ಸಪಾಟು ಕಪ್ಪಿನಲ್ಲಿ ಮಡಿಕೆಯೂ ಇಲ್ಲ, ಬೆಳಕೂ ಇಲ್ಲ; ಉಳಿಸಿಕೊಳ್ಳಲು ಏನೂ ಇಲ್ಲದ ಮೇಲೆ ಮಾದರಿ ಸಪಾಟನ್ನೇ ಉಳಿಸಿಕೊಂಡಿತು. ಎರಡನೆಯ ಸಲ ಕರ್ವ್ಸಿನಲ್ಲಿ ಬಿಳಿಯನ್ನು ಕೆಳಗೆ ತಂದೆ, ಅಂಗಿಯ ಮಡಿಕೆಗಳ ಏರಿಳಿತ ಹಾಗೇ ಉಳಿಯುವಂತೆ. ಪೂರ್ತಿ ಕಪ್ಪಿಗೆ ಇಳಿಸಲಿಲ್ಲ, ಇದ್ದಿಲಿನಂಥ ಗಾಢ ಬೂದು ಬಣ್ಣಕ್ಕೆ ನಿಲ್ಲಿಸಿದೆ. ಅರ್ಧ ತೋಳು ಪೂರ್ಣ ತೋಳಾಗಬೇಕಿತ್ತಲ್ಲ, ಮುಂಗೈಯ ಚರ್ಮವನ್ನೂ ಮಣಿಕಟ್ಟಿನ ತನಕ ಅದೇ ಬಣ್ಣಕ್ಕೆ ಇಳಿಸಿದೆ. ನೋಡಲು ಅದು ವಿಕಾರವಾಗಿತ್ತು, ಇದ್ದಿಲು ಬಳಿದುಕೊಂಡ ಮನುಷ್ಯನಂತೆ. ಪರವಾಗಿಲ್ಲ. ಅದು ಗಿರಾಕಿಗೆ ತೋರಿಸುವ ಚಿತ್ರವಲ್ಲ.

ಮಾಸ್ಕ್ ಎಳೆಯುವಾಗ ಕೋಟು ಅಂಗಿಗಿಂತ ದಪ್ಪ ಎಂಬುದನ್ನು ಮರೆಯಬಾರದು. ಅಂಗಿಯ ಅಂಚಿಗೆ ಸರಿಯಾಗಿ ಮಾಸ್ಕ್ ಎಳೆದರೆ ಕೋಟು ಮೈಗೆ ಅಂಟಿದ ಬನಿಯನ್ನಿನಂತೆ ಬರುತ್ತದೆ. ಅಂಚಿನಿಂದ ಹತ್ತು ಹದಿನೈದು ಪಿಕ್ಸೆಲ್ ಹೊರಗೆ ಹೋಗಬೇಕು, ಹೋದಷ್ಟೂ ಹಿನ್ನೆಲೆ ನಮ್ಮದಲ್ಲವಾಗುತ್ತದೆ. ಮಾಸ್ತರರ ಎಡ ಭುಜದ ಹಿಂದೆ ಬರೀ ಕಲ್ಲಿನ ಗೋಡೆ, ಬಲ ಭುಜದ ಹಿಂದೆ ಬಿಲ್ಲೆಗಳ ಸಾಲು. ಎಡಕ್ಕೆ ಧಾರಾಳವಾಗಿ ಬಿಟ್ಟೆ, ಬಲಕ್ಕೆ ಮೂರು ನಾಲ್ಕು ಪಿಕ್ಸೆಲ್ ಮಾತ್ರ. ಬಂದ್ ಗಲಾ ಆದ್ದರಿಂದ ಕುತ್ತಿಗೆಯ ಕೆಳಭಾಗವೂ ಮಾಸ್ಕಿನೊಳಗೆ ಬರಬೇಕು, ಗದ್ದ ಬರಬಾರದು. ಅಂಗೈ ಹೊರಗೆ. ಬೆರಳುಗಳನ್ನು ಈ ಮಾದರಿಯ ಕೈಗೆ ಕೊಡುವುದು ಬುದ್ಧಿವಂತಿಕೆಯಲ್ಲ.

`Masked content` ಎಂಬಲ್ಲಿ `original` ಇಡಬೇಕು, ನಾವು ಕಪ್ಪು ಮಾಡಿ ತಂದದ್ದನ್ನೇ ಅದು ಆಧಾರವಾಗಿ ತೆಗೆದುಕೊಳ್ಳಲೆಂದು. `latent noise` ಆಯ್ದರೆ ನಮ್ಮ ಪೂರ್ವಸಿದ್ಧತೆ ಎಲ್ಲ ನೀರುಪಾಲು. ಅದಕ್ಕೆ ಸ್ಟ್ರೆಂತ್ 1ರ ಹತ್ತಿರ ಬೇಕು, ಕಡಿಮೆ ಇಟ್ಟರೆ ಬಣ್ಣದ ಕಾಳು ಹಾಗೇ ಉಳಿಯುತ್ತದೆ. `Only masked` ಆಯ್ದರೆ ಮಾಸ್ಕಿನ ಸುತ್ತಲಿನ ತುಂಡನ್ನು ಮಾತ್ರ ಕತ್ತರಿಸಿ ದೊಡ್ಡದು ಮಾಡಿ ಬರೆಯುತ್ತದೆ, ಗುಂಡಿ, ಹೊಲಿಗೆ ಸ್ಪಷ್ಟವಾಗುತ್ತವೆ. ಆದರೆ ಅಲ್ಲಿ ಪ್ಯಾಡಿಂಗ್, ಎಂದರೆ ಮಾಸ್ಕಿನ ಸುತ್ತ ಸೇರಿಸಿಕೊಳ್ಳುವ ಅಂಚು, ತಾನಾಗಿ 32 ಪಿಕ್ಸೆಲ್ ಇರುತ್ತದೆ, ತಲೆ ತುಂಡಿನ ಹೊರಗೆ ಉಳಿಯುತ್ತದೆ. ತಲೆ ಕಾಣದೆ ಕಾಲರ್ ಯಾವ ಕಡೆ ತಿರುಗಬೇಕೆಂದು ಮಾದರಿಗೆ ಹೇಗೆ ತಿಳಿಯಬೇಕು? 120ಕ್ಕೆ ಏರಿಸಿದ ಮೇಲೆ ಕಾಲರ್ ಕುತ್ತಿಗೆಯ ಜೊತೆ ತಿರುಗಿತು.

ಇಷ್ಟಾದ ಮೇಲೆ ಅಂಕಿ. ಯಾವ ನಾಯ್ಸ್ ಬೀಳಬೇಕೆಂದು ತೀರ್ಮಾನಿಸುವ ಸಂಖ್ಯೆಯಾದ ಸೀಡ್ ಒಂದನ್ನು ಗಟ್ಟಿ ಮಾಡಿಕೊಂಡು, ಕೆಳಗಿನ ಸ್ಕ್ರಿಪ್ಟ್ ಪಟ್ಟಿಯಲ್ಲಿ ಎಕ್ಸ್‌ವೈಜೆಡ್ ಪ್ಲಾಟ್ ಆಯ್ದು ಹೀಗೆ ಬರೆಯಿರಿ:

```
X type:   Denoising
X values: 0.35-0.75 (+0.1)
```

ಒಂದೇ ಸಾಲಿನಲ್ಲಿ ಐದು ಚಿತ್ರಗಳು ಬರುತ್ತವೆ. ಸೀಡ್ ಬದಲಾಗುತ್ತಾ ಇದ್ದರೆ ಸ್ಟ್ರೆಂತಿನ ಗುಣವೋ ಅದೃಷ್ಟದ ಗುಣವೋ ಗೊತ್ತಾಗುವುದಿಲ್ಲ. ಮಾಸ್ತರರ ಚಿತ್ರದಲ್ಲಿ 0.35 ಎಂದರೆ ಕಪ್ಪು ಬಣ್ಣದ ಅಂಗಿ, ಜೇಬೂ ಹಾಗೇ ಇತ್ತು. 0.45ರಲ್ಲಿ ಬಟ್ಟೆ ದಪ್ಪವಾಯಿತು, ಅಂಗಿಯ ಕಾಲರ್ ಮಾತ್ರ ಹೋಗಿರಲಿಲ್ಲ. 0.55ರಲ್ಲಿ ಕಾಲರ್ ಎದ್ದು ನಿಂತಿತು, ಗುಂಡಿಗಳ ಸಾಲು ಮೈ ತಿರುಗಿದ ಕಡೆಗೇ ತಿರುಗಿತ್ತು, ಮುಂಗೈಯ ಮೇಲೆ ತೋಳು ಕೂತಿತ್ತು. 0.65ರಲ್ಲಿ ಭುಜಕ್ಕೆ ಹತ್ತಿ ತುಂಬಿದಂತಾಯಿತು. 0.75 ಬೇರೆ ಯಾರದೋ ಮೈ. ನಾನು 0.55ನ್ನು ಇಟ್ಟುಕೊಂಡೆ. ಬಿಳಿ ಅಂಗಿಯಿಂದಲೇ ನೇರವಾಗಿ ಹೊರಟಿದ್ದರೆ ಇದೇ 0.55 ಬೂದು ಗೊಂದಲ ಕೊಟ್ಟಿತ್ತೆಂಬುದನ್ನು ಮರೆಯಬೇಡಿ. ಅಂಕಿ ಬದಲಾಗಲಿಲ್ಲ, ಅದರ ಕೆಳಗೆ ಇಟ್ಟ ಚಿತ್ರ ಬದಲಾಯಿತು.

ಈ 0.55ನ್ನು ಬರೆದುಕೊಂಡು ಹೋಗಿ ನಾಳೆ ನಿಮ್ಮ ಅಂಗಡಿಯಲ್ಲಿ ಹಾಗೇ ಹಾಕಿದರೆ ಬೇರೆಯೇ ಬಂದೀತು. ಶೆಡ್ಯೂಲ್ ಬದಲಾದರೆ ಅಂಕಿಯ ಅರ್ಥವೇ ಬದಲಾಗುತ್ತದೆ. ಕ್ಯಾರಸ್ ಶೆಡ್ಯೂಲಿನಲ್ಲಿ 0.5ಕ್ಕೆ ಬೀಳುವ ನಾಯ್ಸ್ ಸಾಮಾನ್ಯ ಶೆಡ್ಯೂಲಿನದಕ್ಕಿಂತ ಕಡಿಮೆ, 0.75ಕ್ಕೆ ಬೀಳುವುದು ಹೆಚ್ಚು. ಇನ್ನೊಂದು ಚಿಲ್ಲರೆ ಮಾತು: ನಮ್ಮಲ್ಲಿ ಇಬ್ಬರು ಗೆಳೆಯರು 0.50 ಒಳ್ಳೆಯದೋ 0.52 ಒಳ್ಳೆಯದೋ ಎಂದು ಚಹಾ ಆರುವ ತನಕ ವಾದ ಮಾಡಿದ್ದರು. 30 ಹಂತ ಇಟ್ಟಾಗ ಸ್ಟ್ರೆಂತನ್ನು 30ರಿಂದ ಗುಣಿಸಿ ದಶಾಂಶ ಬಿಟ್ಟು ಎಷ್ಟು ಹಂತ ಎಂದು ತೀರ್ಮಾನವಾಗುತ್ತದೆ. 15 ಮತ್ತು 15.6, ಎರಡೂ 15ಕ್ಕೇ ಬರುತ್ತವೆ. ಇಬ್ಬರ ಚಿತ್ರವೂ ಒಂದೇ.

ಮುಗಿಸುವ ಮುನ್ನ ಪರೀಕ್ಷೆ. ಹೊಸ ಚಿತ್ರವನ್ನು ಹಳೆಯದರ ಮೇಲೆ ಪದರವಾಗಿಟ್ಟು ಡಿಫರೆನ್ಸ್ ಮೋಡ್ ಹಾಕಿ. ಬದಲಾಗದ ಜಾಗವೆಲ್ಲ ಕಡು ಕಪ್ಪಾಗಿ ಕಾಣುತ್ತದೆ. ಮುಖದ ಮೇಲೆ ಮಂಜಿನಂತೆ ಏನಾದರೂ ಮಿನುಗಿದರೆ ಮುಖವೂ ಕುಗ್ಗಿಸಿ ಹಿಗ್ಗಿಸುವ ದಾರಿಯಲ್ಲಿ ಹೋಗಿ ಬಂದಿದೆ ಎಂದರ್ಥ. ಕೆಲವು ತಂತ್ರಾಂಶಗಳು ಮೂಲವನ್ನು ಮೇಲೆ ಅಂಟಿಸುವುದಿಲ್ಲ. ಆಗ ನೀವೇ ಅಂಟಿಸಿ.

ಡಿಫರೆನ್ಸ್ ಹೇಳದ ತಪ್ಪೂ ಒಂದಿದೆ, ಅದನ್ನು ಛಾಯಾಗ್ರಾಹಕನ ಕಣ್ಣೇ ಹಿಡಿಯಬೇಕು. ಮಾಸ್ತರರ ಮುಖ ಒಂದು ಪಿಕ್ಸೆಲ್ ಕೂಡ ಬದಲಾಗಿರಲಿಲ್ಲ, ಆದರೂ ತಲೆ ಕತ್ತರಿಸಿ ಅಂಟಿಸಿದಂತೆ ಕಾಣುತ್ತಿತ್ತು. ಬಿಸಿಲಿನಲ್ಲಿ ಬಿಳಿ ಅಂಗಿ ರಿಫ್ಲೆಕ್ಟರಿನ ಹಾಗೆ ಕೆಲಸ ಮಾಡಿ ಗದ್ದದ ಕೆಳಗೆ ಬೆಳಕು ಚೆಲ್ಲಿತ್ತು. ಅಂಗಿ ಹೋಯಿತು, ಅದು ಚೆಲ್ಲಿದ ಬೆಳಕು ಹೋಗಲಿಲ್ಲ. ಕಪ್ಪು ಕೋಟಿನ ಮೇಲೆ ಹೊಳೆಯುವ ಗದ್ದ ಯಾವ ಊರಿನಲ್ಲೂ ಇರುವುದಿಲ್ಲ. ಮುಖವನ್ನು ಮತ್ತೆ ಮಾದರಿಗೆ ಕೊಡದೆ, ಗದ್ದದ ಅಡಿಯನ್ನು ಕೈಯಿಂದಲೇ ಸ್ವಲ್ಪ ಇಳಿಸಿದೆ. ಎರಡು ನಿಮಿಷದ ಕೆಲಸ.

ಇಂಥ ಕೆಲಸವನ್ನು ಫೋಟೊದಲ್ಲಿರುವವರೇ ಬಂದು ಕೇಳಿದರೆ ಮಾತ್ರ ಮಾಡುತ್ತೇನೆ. ಬೇರೆಯವರ ಫೋಟೊ ತಂದು ಬಟ್ಟೆ ಬದಲಿಸಿಕೊಡಿ ಎನ್ನುವವರಿಗೆ ನನ್ನ ಕಂಪ್ಯೂಟರ್ ಕೆಟ್ಟಿರುತ್ತದೆ.

ಮಾಸ್ತರರು ಮತ್ತೆ ಬಂದರು. ಬಹಳ ಹೊತ್ತು ನೋಡಿದರು. ಕೋಟು ಸರಿ, ಮುಖ ಸರಿ, ಮದರಸಾ ಸರಿ. ‘ನನ್ನ ಪೆನ್ನು ಎಲ್ಲಿ?’ ಎಂದರು. ಜೇಬಿನ ಆ ಕೆಂಪು ಪೆನ್ನು ಒಂದು ಚೌಕದಷ್ಟೂ ಅಗಲವಿರಲಿಲ್ಲ, 0.55ರಲ್ಲಿ ಉಳಿಯುವ ಮಾತೇ ಇರಲಿಲ್ಲ. ಕೋಟಿನ ಎದೆಯ ಮೇಲೆ ಸಣ್ಣ ಮಾಸ್ಕ್ ಎಳೆದು ಜೇಬು ಬರೆಸಿಕೊಂಡೆ, ಪೆನ್ನನ್ನು ಹಳೆಯ ಫೋಟೊದಿಂದ ಕತ್ತರಿಸಿ ಅದರಲ್ಲಿ ಸಿಕ್ಕಿಸಿದೆ.